ಭವಿಷ್ಯವಾಣಿ ತನ್ನನ್ನು ತಾನೇ ನಿಜ ಮಾಡಿಕೊಳ್ಳುವುದು ಹೇಗೆ? ದುರಂತ ನಾಟಕ ಓದುವ ಕ್ರಮ

ದುರಂತ ನಾಟಕದಲ್ಲಿ ಭವಿಷ್ಯವಾಣಿ ಬಂದ ಕೂಡಲೇ ಬಹಳ ಜನ ‘ಎಲ್ಲ ವಿಧಿ’ ಎಂದು ಹೇಳಿ ಪುಟ ತಿರುಗಿಸುತ್ತಾರೆ. ಓದು ಕೆಡುವುದೇ ಅಲ್ಲಿ. ಕೆಲವು ಭವಿಷ್ಯವಾಣಿಗಳು ಮುಂದಾಗುವುದನ್ನು ಹೇಳಿ ಸುಮ್ಮನಾಗುವುದಿಲ್ಲ, ಕೇಳಿದವರ ಕೈಯಿಂದಲೇ ಅದನ್ನು ಮಾಡಿಸುತ್ತವೆ. ಇದನ್ನು ಕಲಿಯಲು ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಈಡಿಪಸ್ ನಾಟಕಕ್ಕಿಂತ ಒಳ್ಳೆಯದು ಇಲ್ಲ. ಪಿ. ಲಂಕೇಶರ ಅನುವಾದ ‘ದೊರೆ ಈಡಿಪಸ್’ ಇದೆ. ಕಥಾಸಾರದ ಗೈಡುಗಳನ್ನು ಮಾತ್ರ ಮುಟ್ಟಬೇಡಿ. ಅವು ಮಗು ಹುಟ್ಟಿದಲ್ಲಿಂದ ಕಥೆ ಶುರುಮಾಡುತ್ತವೆ. ನಾಟಕ ಶುರುವಾಗುವ ಹೊತ್ತಿಗೆ ಕೊಲೆಯೂ ಆಗಿದೆ, ಮದುವೆಯೂ ಆಗಿದೆ. ರಂಗದ ಮೇಲೆ ನಡೆಯುವುದು ಅದರ ಪತ್ತೆ.

ಮೊದಲು ಯಾವ ಭವಿಷ್ಯವಾಣಿಯನ್ನು ಯಾರು ಕೇಳಿದರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಥೀಬ್ಸ್‌ನ ದೊರೆ ಲೇಯಸ್ ಕೇಳಿದ್ದು: ನಿನ್ನ ಮಗನಿಂದಲೇ ನಿನಗೆ ಸಾವು. ಅವನ ಮಗ ಈಡಿಪಸ್ ಕೇಳಿದ್ದು: ನೀನು ತಂದೆಯನ್ನು ಕೊಂದು ತಾಯಿಯನ್ನು ಕೂಡುತ್ತೀಯ.

ಪಕ್ಕದಲ್ಲಿ, ಕೇಳಿದವರು ತಪ್ಪಿಸಿಕೊಳ್ಳಲು ಏನು ಮಾಡಿದರು ಎಂದು ಬರೆಯಿರಿ. ಲೇಯಸ್ ಮಗುವಿನ ಕಾಲಿನ ಗಿಣ್ಣುಗಳನ್ನು ಚುಚ್ಚಿಸಿ ಬೆಟ್ಟದಲ್ಲಿ ಬಿಡಲು ಕಳಿಸಿದ. ಈಡಿಪಸ್ ತಾನು ಬೆಳೆದ ಊರು ಕೊರಿಂತ್ ಬಿಟ್ಟ.

ಜನ ಎಡವುವುದು ಇದರ ನಂತರ. ಮೂರನೆಯ ಸಾಲಿನಲ್ಲಿ ಈ ಪ್ರಶ್ನೆ ಹಾಕಿಕೊಳ್ಳಿ: ಆ ಕೆಲಸದಿಂದ ಯಾರಿಗೆ ಏನು ಗೊತ್ತಿಲ್ಲದ ಹಾಗಾಯಿತು? ಇದನ್ನು ಬಿಟ್ಟರೆ ಕಥೆ ಬರೀ ಕಾಕತಾಳೀಯದ ಹಾಗೆ ಕಾಣುತ್ತದೆ.

ಲೇಯಸ್‌ನ ಕೆಲಸವನ್ನೇ ನೋಡಿ. ಮಗುವನ್ನು ಒಯ್ದ ಕುರುಬ ಕರುಣೆಯಿಂದ ಅದನ್ನು ಕೊರಿಂತ್‌ನವನೊಬ್ಬನಿಗೆ ಕೊಟ್ಟ. ಅಲ್ಲಿನ ದೊರೆ ಪಾಲಿಬಸ್ ಸಾಕಿದ. ಅರಮನೆಯಲ್ಲೇ ಬೆಳೆದಿದ್ದರೆ ಮಗನಿಗೆ ಅಪ್ಪನ ಮುಖ ಗೊತ್ತಿರುತ್ತಿತ್ತು, ಅಲ್ವಾ? ಮಗನನ್ನು ದೂರ ಮಾಡಿದ್ದರಿಂದಲೇ ಮುಂದೊಂದು ದಿನ ಇಬ್ಬರೂ ಅಪರಿಚಿತರಾಗಿ ಎದುರಾದರು.

ಎರಡನೆಯದು ಇನ್ನೂ ಸೂಕ್ಷ್ಮ. ಒಂದು ಔತಣದಲ್ಲಿ ಕುಡಿದವನೊಬ್ಬ ‘ನೀನು ನಿನ್ನ ಅಪ್ಪನ ಮಗನೇ ಅಲ್ಲ’ ಎಂದುಬಿಟ್ಟ. ಅದು ನಿಜವೇ ಎಂದು ಕೇಳಲು ಈಡಿಪಸ್ ಅಪೊಲೋ ದೇವರು ಕಣಿ ಹೇಳುವ ಡೆಲ್ಫಿಗೆ ಹೋದ. ದೇವರು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅದರ ಬದಲು ಘೋರವಾದ ಆ ಮಾತು ಹೇಳಿದ. ಹೆದರಿಕೆಯಲ್ಲಿ ಈಡಿಪಸ್ ತನ್ನ ಪ್ರಶ್ನೆಯನ್ನೇ ಕೈಬಿಟ್ಟ. ತಂದೆತಾಯಿ ಕೊರಿಂತ್‌ನಲ್ಲಿದ್ದಾರೆ ಎಂದೇ ನಂಬಿ ಬೇರೆ ದಾರಿ ಹಿಡಿದ. ಮೂರು ದಾರಿ ಕೂಡುವ ಕಡೆ ರಥದಲ್ಲಿದ್ದ ಮುದುಕನೊಬ್ಬ ತಲೆಗೆ ಹೊಡೆದಾಗ ತಿರುಗಿ ಹೊಡೆದು ಕೊಂದ. ಆ ಮುದುಕನೇ ಲೇಯಸ್. ‘ವಯಸ್ಸಾದವರ ಜೊತೆ ಜಗಳ ಆಡಬಾರದಿತ್ತು’ ಎನ್ನುವವರು ಈ ಜಾಗವನ್ನು ಮತ್ತೆ ಓದಬೇಕು. ಅಪ್ಪ ಹಿಂದೆ ಕೊರಿಂತ್‌ನಲ್ಲಿ ಉಳಿದ ಎಂಬ ನಂಬಿಕೆಯೇ ಅವನನ್ನು ಅಲ್ಲಿ ನಿಶ್ಚಿಂತನನ್ನಾಗಿ ಮಾಡಿತ್ತು.

ಆಮೇಲೆ ಒಂದು ಪರೀಕ್ಷೆ ಮಾಡಿ. ಭವಿಷ್ಯವಾಣಿಯನ್ನು ಕಥೆಯಿಂದ ತೆಗೆದುಹಾಕಿ, ಯಾವ ಕೊಂಡಿ ಕಳಚುತ್ತದೆ ನೋಡಿ. ಇಲ್ಲಿ ಮಗುವನ್ನು ಬಿಡುವುದೂ ಇಲ್ಲ, ಕೊರಿಂತ್‌ನಿಂದ ಓಡುವುದೂ ಇಲ್ಲ. ಆಗ ಏನಾಗುತ್ತಿತ್ತು ಎಂದು ನಾಟಕ ಹೇಳುವುದಿಲ್ಲ, ನಾವೂ ಊಹಿಸಬೇಕಾಗಿಲ್ಲ. ಯಾವ ಘಟನೆ ಆ ಮಾತಿಗೆ ನೇತುಬಿದ್ದಿದೆ ಎಂದು ತಿಳಿದರೆ ಸಾಕು.

ಈಗ ರಂಗದ ಮೇಲಿನ ದೃಶ್ಯಗಳಿಗೆ ಬನ್ನಿ. ತಪ್ಪಿಸಲು ಹೋಗಿ ತಂದುಕೊಳ್ಳುವುದು ಇಲ್ಲೂ ನಡೆಯುತ್ತದೆ, ಈ ಸಲ ಸಮಾಧಾನದ ಮಾತಿನಲ್ಲಿ. ಕಣಿ ಮಾತೆಲ್ಲ ಸುಳ್ಳು ಎಂದು ತೋರಿಸಲು, ಹಿಂದೆ ಲೇಯಸ್‌ನ ಹೆಂಡತಿಯಾಗಿದ್ದು ಈಗ ಈಡಿಪಸ್‌ನ ಹೆಂಡತಿಯಾಗಿರುವ ಜೊಕಾಸ್ಟಾ ‘ಲೇಯಸ್‌ನನ್ನು ಕೊಂದದ್ದು ಕಳ್ಳರು, ಮೂರು ದಾರಿ ಕೂಡುವಲ್ಲಿ’ ಎನ್ನುತ್ತಾಳೆ. ಆ ಜಾಗದ ಹೆಸರೇ ಈಡಿಪಸ್‌ನ ಎದೆ ನಡುಗಿಸುತ್ತದೆ. ಆಮೇಲೆ ಕೊರಿಂತ್‌ನ ದೂತ ಬಂದು ಪಾಲಿಬಸ್ ಸತ್ತ ಸುದ್ದಿ ಹೇಳುತ್ತಾನೆ. ತಾಯಿಯ ವಿಷಯದ ಭಯ ಇನ್ನೂ ಇದೆ ಎಂದು ಈಡಿಪಸ್ ಹೇಳಿದಾಗ, ಅದನ್ನು ಕಳೆಯಲೆಂದೇ ದೂತ ‘ಅವರು ನಿನ್ನನ್ನು ಹೆತ್ತವರಲ್ಲ’ ಎನ್ನುತ್ತಾನೆ. ಕಥೆ ತಿರುಗುಮುರುಗಾಗುವುದಕ್ಕೆ ಅರಿಸ್ಟಾಟಲ್ ಉದಾಹರಣೆಯಾಗಿ ಕೊಟ್ಟದ್ದು ಇದನ್ನೇ. ಈ ಎರಡು ದೃಶ್ಯಗಳನ್ನು ಗಟ್ಟಿಯಾಗಿ ಓದಿ.

ಎಲ್ಲ ಭವಿಷ್ಯವಾಣಿಯೂ ಈ ಬಗೆಯದಲ್ಲ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನಲ್ಲಿ ಮಾಟಗಾತಿಯರು ಮ್ಯಾಕ್‌ಬೆತ್‌ನನ್ನು ಕಾಡರ್‌ನ ಒಡೆಯ ಎಂದು ಕರೆಯುವ ಮೊದಲೇ ದೊರೆ ಡಂಕನ್ ಆ ಪದವಿ ಕೊಡಲು ಆಜ್ಞೆ ಮಾಡಿದ್ದಾನೆ. ಅದು ಬರೀ ಮುಂಚಿತವಾಗಿ ಬಂದ ಸುದ್ದಿ. ಆದರೆ ಅದು ನಿಜವಾಯಿತು ಎಂಬ ಕಾರಣಕ್ಕೆ ಮ್ಯಾಕ್‌ಬೆತ್ ‘ರಾಜನಾಗುತ್ತೀಯ’ ಎಂಬ ಮುಂದಿನ ಮಾತನ್ನು ನಂಬತೊಡಗುತ್ತಾನೆ, ಡಂಕನ್‌ನನ್ನು ಕೊಲ್ಲುತ್ತಾನೆ. ನಿಮ್ಮ ಹಾಳೆಯಲ್ಲಿ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ.