ಮನೆಗೆ ಕೊಟ್ಟ ಪರೀಕ್ಷೆ: 41 ಪರ್ಸೆಂಟ್ ಮತ್ತು 7 ಪರ್ಸೆಂಟ್

ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಬಿ.ಕಾಂ. ಕೊನೆಯ ವರ್ಷದವರಿಗೆ ಕಾಸ್ಟ್ ಅಕೌಂಟಿಂಗ್ ಕಲಿಸುತ್ತೇನೆ. ಇಂಟರ್ನಲ್ ಪರೀಕ್ಷೆಯನ್ನು ಮನೆಯಲ್ಲೇ ಬರೆದು ತರಲು ಕೊಡುವುದನ್ನು ಎರಡು ಸಲ ಮಾಡಿದ್ದೇನೆ. ಮೊದಲ ಸಲದ್ದು ಪೂರ್ತಿ ಹಾಳಾಯಿತು. ಎರಡನೆಯದು ಚೆನ್ನಾಗಿ ನಡೆಯಿತು. ನಡುವೆ ಏನನ್ನು ಬದಲಾಯಿಸಿದೆ ಎಂದು ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ. ‘ಮಾರ್ಜಿನಲ್ ಕಾಸ್ಟಿಂಗ್ ಎಂದರೇನು, ಅದರ ಲಾಭ ಮತ್ತು ಮಿತಿಗಳನ್ನು ವಿವರಿಸಿ’ ಎಂದಿದ್ದೆ. ಪುಸ್ತಕ ನೋಡಿ ಬರೆಯಿರಿ ಎಂದು ನಾನೇ ಹೇಳಿದ ಮೇಲೆ, ಪುಸ್ತಕದಲ್ಲಿ ಹಾಗೇ ಇರುವುದನ್ನು ಕೇಳಿದರೆ ಮಕ್ಕಳು ಇನ್ನೇನು ಮಾಡಬೇಕು? 42 ಜನರಲ್ಲಿ ಹೆಚ್ಚಿನವರು ಒಂದೇ ಪುಟವನ್ನು ಇಳಿಸಿದ್ದರು. ಅದನ್ನು ನಕಲು ಎನ್ನಲು ನನಗೆ ಮನಸ್ಸು ಬರಲಿಲ್ಲ.

ಎರಡನೇ ಸಲ ಪ್ರಶ್ನೆಯನ್ನು ಮಲ್ಪೆಗೆ ತಂದೆ. ಒಣಮೀನು ಮಾಡುವ ಒಂದು ಸಣ್ಣ ಘಟಕ. ಕಿಲೋಗೆ ಮಾರಾಟ ಬೆಲೆ 240 ರೂಪಾಯಿ, ಬದಲಾಗುವ ವೆಚ್ಚ 160. ಅಂದರೆ ಪ್ರತಿ ಕಿಲೋದಿಂದ 80 ರೂಪಾಯಿ ಕಾಂಟ್ರಿಬ್ಯೂಷನ್. ತಿಂಗಳ ಸ್ಥಿರ ವೆಚ್ಚ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ರಿಜಿಸ್ಟರ್ ನಂಬರಿನ ಕೊನೆಯ ಎರಡು ಅಂಕಿಯನ್ನು 500ರಿಂದ ಗುಣಿಸಿ 60,000ಕ್ಕೆ ಕೂಡಿಸಬೇಕು. 34ನೇ ನಂಬರಿನವನಿಗೆ 77,000 ಆಗುತ್ತದೆ. ಅದನ್ನು 80ರಿಂದ ಭಾಗಿಸಿದರೆ ತಿಂಗಳಿಗೆ 962.5 ಕಿಲೋ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. 17ನೇ ನಂಬರಿನವನಿಗೆ ಸ್ಥಿರ ವೆಚ್ಚ 68,500, ಉತ್ತರ 856.25 ಕಿಲೋ. ಲೆಕ್ಕ ಇಷ್ಟೇ, ಐದು ನಿಮಿಷದ ಕೆಲಸ.

ನಿಜವಾದ ಪ್ರಶ್ನೆ ಅದರ ನಂತರದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿಮೀನು ಸಿಗುವುದು ಹತ್ತು ತಿಂಗಳು, ಬಾಡಿಗೆ ಮತ್ತು ಸಂಬಳ ಕಟ್ಟಬೇಕಾದ್ದು ಹನ್ನೆರಡು ತಿಂಗಳು. ಹಾಗಾದರೆ ತಿಂಗಳಿಗೆ ಎಷ್ಟು ಕಿಲೋದ ಗುರಿ ಇಡುತ್ತೀರಿ, ಯಾಕೆ? ಎರಡು ಪುಟದಲ್ಲಿ ಬರೆಯಿರಿ ಎಂದೆ. ಸೂತ್ರ ಪುಸ್ತಕದಲ್ಲಿ ಇದೆ. ಈ ಉತ್ತರ ಇಲ್ಲ.

ಏನು ನೋಡಬಹುದು, ಏನು ಕೂಡದು ಎಂಬುದನ್ನು ಪ್ರಶ್ನೆಪತ್ರಿಕೆಯ ಮೇಲೆಯೇ ಬರೆದಿದ್ದೆ. ಪಠ್ಯಪುಸ್ತಕ, ಕ್ಲಾಸಿನ ನೋಟ್ಸ್, ಇಂಟರ್ನೆಟ್, ಎಕ್ಸೆಲ್ ಎಲ್ಲವೂ ಸರಿ. ಎಲ್ಲಿಂದ ತೆಗೆದುಕೊಂಡೆ ಎಂದು ಕೊನೆಯಲ್ಲಿ ಒಂದು ಸಾಲು ಬರೆಯಬೇಕು. ಇನ್ನೊಬ್ಬರು ಬರೆದ ಉತ್ತರವನ್ನು ನೋಡುವಂತಿಲ್ಲ, ತನ್ನದನ್ನು ತೋರಿಸುವಂತಿಲ್ಲ. ಸಂಶಯ ಇದ್ದರೆ ನನ್ನನ್ನು ಮಾತ್ರ ಕೇಳಬೇಕು. ಕೇಳಿದ್ದಕ್ಕೆ ನಾನು ಕೊಡುವ ಉತ್ತರ ಇಡೀ ಕ್ಲಾಸಿಗೆ ಹೋಗುತ್ತದೆ. ನನ್ನನ್ನು ಮಾತ್ರ ಕೇಳಬೇಕು ಎಂದು ಬರೆಯದಿದ್ದರೆ ‘ಪ್ರಶ್ನೆ ಅರ್ಥ ಆಗಲಿಲ್ಲ, ಅದಕ್ಕೇ ಅವನನ್ನು ಕೇಳಿದೆ’ ಎಂದು ಶುರುವಾಗುವ ಮಾತು ಉತ್ತರದಲ್ಲೇ ಮುಗಿಯುತ್ತದೆ.

ಇನ್ನು ಸಮಯ. ಮೊದಲ ಸಲ ಭಾನುವಾರ ರಾತ್ರಿ 11.59ಕ್ಕೆ ಕೊನೆ ಎಂದಿದ್ದೆ. ಆ ರಾತ್ರಿ ಗುಡುಗು ಮಳೆ, ಅರ್ಧ ಜಿಲ್ಲೆಯಲ್ಲಿ ಕರೆಂಟ್ ಇಲ್ಲ. ಹೆಬ್ರಿ ಕಡೆಯ ಒಬ್ಬಳು ನೆಟ್‌ವರ್ಕ್ ಹುಡುಕಿಕೊಂಡು ತಂದೆಯ ಜೊತೆ ರಸ್ತೆವರೆಗೆ ನಡೆದು ಬಂದಿದ್ದಳಂತೆ. ಅದನ್ನು ಕೇಳಿ ಆ ವಾರವೆಲ್ಲ ನನಗೆ ಸಮಾಧಾನ ಇರಲಿಲ್ಲ. ನಾನು ಅಳೆಯಬೇಕಾದ್ದು ಅವಳ ಕಾಸ್ಟಿಂಗ್ ಜ್ಞಾನವನ್ನು, ಅವಳ ಮನೆಯ ಸಿಗ್ನಲ್ಲನ್ನಲ್ಲ ಅಲ್ವಾ?

ಹಾಗಾಗಿ ಎರಡನೇ ಸಲ ಶುಕ್ರವಾರ ಮಧ್ಯಾಹ್ನ 3ಕ್ಕೆ ಪ್ರಶ್ನೆ ಕೊಟ್ಟು ಸೋಮವಾರ ಬೆಳಿಗ್ಗೆ 11ಕ್ಕೆ ಕೊನೆ ಮಾಡಿದೆ. ಬರೆಯಲು ನಾಲ್ಕು ಗಂಟೆ ಸಾಕು, ಸಿಕ್ಕಿದ್ದು 68 ಗಂಟೆ. ಮುಖ್ಯವಾದದ್ದು ಆ ಸೋಮವಾರದ ಬೆಳಿಗ್ಗೆ. ಮನೆಯಲ್ಲಿ ಆಗದವರು ಪೆನ್‌ಡ್ರೈವಿನಲ್ಲಿ ತಂದು ಕಾಲೇಜಿನ ಲ್ಯಾಬಿನಲ್ಲಿ ಅಪ್‌ಲೋಡ್ ಮಾಡಬಹುದು. ಲ್ಯಾಬ್ 9ಕ್ಕೇ ತೆರೆದಿರುವಂತೆ ನೋಡಿಕೊಂಡೆ. ಒಂಬತ್ತು ಜನ ಹಾಗೇ ಮಾಡಿದರು. 11ರ ನಂತರ ಇನ್ನೂ ಅರ್ಧ ಗಂಟೆ ಅಪ್‌ಲೋಡ್ ಪುಟ ತೆರೆದೇ ಇತ್ತು, ಅದನ್ನು ಮೊದಲೇ ಹೇಳಿರಲಿಲ್ಲ. ಹೇಳಿದರೆ ಅದೇ ಕೊನೆಯ ಸಮಯವಾಗುತ್ತದೆ. ಬಂದ ಫೈಲುಗಳನ್ನು ಅವತ್ತೇ ಒಂದೊಂದಾಗಿ ತೆರೆದು ನೋಡಿದೆ. ಎರಡು ಖಾಲಿ ಇದ್ದವು. ಅದು ಮಾರ್ಕ್ ಹಾಕಲು ಕೂತಾಗ ಗೊತ್ತಾಗಿದ್ದರೆ ಯಾರನ್ನು ನಂಬುವುದು ಎಂಬ ಪ್ರಶ್ನೆ ಬರುತ್ತಿತ್ತು.

ಈಗ ಹೋಲಿಕೆ ಪರೀಕ್ಷೆಯ, ಅಂದರೆ ಬಂದ ಉತ್ತರಗಳನ್ನು ಸಾಫ್ಟ್‌ವೇರಿಗೆ ಹಾಕಿ ನೋಡುವ ವಿಷಯ. ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ. ಈ ಸಾಫ್ಟ್‌ವೇರ್ ನಕಲು ಹಿಡಿಯುವುದಿಲ್ಲ. ತನ್ನ ಸಂಗ್ರಹದಲ್ಲಿರುವ ಬರಹಕ್ಕೂ ನಾವು ಹಾಕಿದ ಉತ್ತರಕ್ಕೂ ಪದಗಳು ಎಷ್ಟು ಹೊಂದುತ್ತವೆ ಎಂದು ಎಣಿಸುತ್ತದೆ, ಅಷ್ಟೇ. ಕೈಬರಹದ ಪುಟದ ಫೋಟೋ ಕೊಟ್ಟರೆ ಎಣಿಸಲು ಅದಕ್ಕೆ ಪದಗಳೇ ಸಿಗದಿರಬಹುದು. ಆದ್ದರಿಂದ ವಿವರಣೆಯನ್ನು ಟೈಪ್ ಮಾಡಬೇಕು, ಲೆಕ್ಕವನ್ನು ಬೇಕಿದ್ದರೆ ಕೈಯಲ್ಲಿ ಮಾಡಿ ಫೋಟೋ ಸೇರಿಸಬಹುದು ಎಂದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ನನ್ನಲ್ಲಿ ಐದು ಜನ ಕನ್ನಡದಲ್ಲಿ ಬರೆದಿದ್ದರು. ಅವರಲ್ಲಿ ಒಬ್ಬನ ವರದಿಯಲ್ಲಿ ಸೊನ್ನೆ ಬಂತು. ಒಂದೇ ಒಂದು ಸಾಲೂ ಎಲ್ಲಿಯೂ ಹೊಂದದಿರುವುದು ಹೇಗೆ? ಅವನ ಪಿಡಿಎಫ್‌ನಿಂದ ಒಂದು ಪದ ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಹಾಕಿದೆ. ‘ಕನ್ನಡ’ ಎಂದಿದ್ದದ್ದು `PÀ£ÀßqÀ` ಎಂದು ಬಂತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ. ಅಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಮತ್ತು ಇತರ ಚಿಹ್ನೆಗಳು. ಸಾಫ್ಟ್‌ವೇರಿಗೆ ಅದು ಕನ್ನಡವೇ ಅಲ್ಲ. ಅವನು ಬೇಕೆಂದು ಮಾಡಿದ್ದಲ್ಲ, ಅವರ ಊರಿನ ಡಿಟಿಪಿ ಅಂಗಡಿಯಲ್ಲಿ ಹಾಗೇ ಟೈಪ್ ಮಾಡುತ್ತಾರೆ. ಯೂನಿಕೋಡಿಗೆ ಬದಲಾಯಿಸಿ ಮತ್ತೆ ಹಾಕಿದಾಗ 8 ಪರ್ಸೆಂಟ್ ಬಂತು, ಏನೂ ತೊಂದರೆ ಇರಲಿಲ್ಲ. ಈಗ ಯೂನಿಕೋಡ್ ಕಡ್ಡಾಯ ಎಂದು ಪ್ರಶ್ನೆಪತ್ರಿಕೆಯಲ್ಲೇ ಬರೆಯುತ್ತೇನೆ.

ಒಬ್ಬಳ ವರದಿಯಲ್ಲಿ 41 ಪರ್ಸೆಂಟ್ ಬಂದಿತ್ತು. ಸಹೋದ್ಯೋಗಿಯೊಬ್ಬರು ನೋಡಿ ‘ಇದನ್ನು ರಿಜೆಕ್ಟ್ ಮಾಡಿ, ಹತ್ತಕ್ಕಿಂತ ಮೇಲೆ ಹೋದರೆ ಆಯ್ತಲ್ಲ’ ಎಂದರು. ಆ ಹತ್ತರ ಲೆಕ್ಕ ಯುಜಿಸಿಯ 2018ರ ನಿಯಮದಿಂದ ಬಂದದ್ದು. ಅಲ್ಲಿ 10ರವರೆಗೆ ದಂಡ ಇಲ್ಲ, ನಂತರ 40, 60 ಎಂದು ಹಂತಗಳಿವೆ. ಆದರೆ ಆ ದಂಡದ ಹಂತಗಳು ಪ್ರಬಂಧಗಳಿಗೆ ಮತ್ತು ಸಂಶೋಧನಾ ಲೇಖನಗಳಿಗೆ. ಎರಡು ಪುಟದ ಇಂಟರ್ನಲ್ ಉತ್ತರಕ್ಕೆ ಅದನ್ನು ಹಾಗೇ ತಂದು ಹಾಕಲು ಆಗುವುದಿಲ್ಲ. ಉತ್ತರ ಚಿಕ್ಕದಾದಷ್ಟೂ ನಾಲ್ಕು ಸಾಲು ಹೊಂದಿದರೂ ಪರ್ಸೆಂಟ್ ಮೇಲೆ ಹೋಗುತ್ತದೆ. ಅದೇ ನಿಯಮದಲ್ಲಿ, ಮೂಲ ಹೇಳಿ ಉಲ್ಲೇಖಿಸಿದ್ದನ್ನೂ ಸತತ 14 ಪದಗಳವರೆಗಿನ ಸಾಮಾನ್ಯ ಮಾತನ್ನೂ ಲೆಕ್ಕಕ್ಕೆ ಹಿಡಿಯಬಾರದು ಎಂದಿದೆ. ಅದು ಯಾರಿಗೂ ನೆನಪಿರುವುದಿಲ್ಲ.

ಅವಳ ವರದಿಯ ಬಣ್ಣ ಬಳಿದ ಸಾಲುಗಳನ್ನು ಓದುತ್ತಾ ಹೋದೆ. ಮೊದಲ ಮುಕ್ಕಾಲು ಪುಟ ನನ್ನದೇ ಪ್ರಶ್ನೆ! ಪ್ರಶ್ನೆಯನ್ನು ಪೂರ್ತಿ ಇಳಿಸಿಕೊಂಡು ಉತ್ತರ ಶುರು ಮಾಡಿದ್ದಳು, ಉಳಿದವರಲ್ಲೂ ಅದೇ ಪ್ರಶ್ನೆ ಇತ್ತು. ಆಮೇಲೆ ಕೋಷ್ಟಕದ ತಲೆಬರಹಗಳು, ಉಲ್ಲೇಖ ಚಿಹ್ನೆಯೊಳಗಿನ ಒಂದು ವ್ಯಾಖ್ಯೆ. ಇವನ್ನು ಬಿಟ್ಟು ಮತ್ತೆ ಎಣಿಸಿದಾಗ 9 ಆಯಿತು.

ಇಡೀ ಕ್ಲಾಸಿನಲ್ಲಿ ಅತಿ ಚೆನ್ನಾದ ಉತ್ತರವೂ ಅವಳದ್ದೇ. ಮನೆ ಮಲ್ಪೆಯಲ್ಲಿ. ‘ಮಳೆಗಾಲದಲ್ಲಿ ಮೀನು ಸಿಗುವುದಿಲ್ಲ, ಆದರೆ ಒಣಮೀನು ಹೆಚ್ಚು ಖರ್ಚಾಗುವುದು ಆವಾಗಲೇ. ಹಾಗಾಗಿ ಮಾರಾಟ ಹನ್ನೆರಡು ತಿಂಗಳೂ ಇದೆ, ನಿಲ್ಲುವುದು ತಯಾರಿ ಮಾತ್ರ’ ಎಂದು ಬರೆದಿದ್ದಳು. ಮಾರಾಟದ ಗುರಿ ತಿಂಗಳಿಗೆ ಇಷ್ಟು, ಹತ್ತು ತಿಂಗಳಲ್ಲಿ ಒಣಗಿಸಿ ಇಡಬೇಕಾದ್ದು ತಿಂಗಳಿಗೆ ಇಷ್ಟು ಎಂದು ಎರಡು ಬೇರೆ ಸಂಖ್ಯೆ ಕೊಟ್ಟಿದ್ದಳು. 34ನೇ ನಂಬರಿನ ಲೆಕ್ಕದಲ್ಲಿ ಹೇಳುವುದಾದರೆ ಮಾರಾಟ 962.5 ಕಿಲೋ, ತಯಾರಿ 1,155 ಕಿಲೋ. ಈ ಭೇದ ನನ್ನ ಮಾದರಿ ಉತ್ತರದಲ್ಲೂ ಇರಲಿಲ್ಲ. ಕುಳಿತು ತಿದ್ದಿಕೊಂಡೆ.

34ನೇ ನಂಬರಿನ ಹುಡುಗನ ವರದಿಯಲ್ಲಿ ಬರೀ 7 ಪರ್ಸೆಂಟ್. ಓದಲೂ ಚೆನ್ನಾಗಿತ್ತು. ಆದರೆ ಉತ್ತರ 962.5 ಅಲ್ಲ, 856.25 ಎಂದಿತ್ತು. ಅವನನ್ನು ಕರೆದೆ.

“ನಿನ್ನ ನಂಬರಿನ ಕೊನೆಯ ಎರಡು ಅಂಕಿ ಎಷ್ಟು ಮಾರಾಯ?”

“ಮೂವತ್ನಾಲ್ಕು ಮೇಡಂ.”

“ಹಾಗಾದರೆ ಈ 68,500 ಹೇಗೆ ಬಂತು?”

ಪೇಪರ್ ನೋಡಿದ. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಾನೇ ಹೇಳಿದ. ಫಾರ್ಮ್ಯಾಟ್ ನೋಡಲಿಕ್ಕೆ ಎಂದು 17ನೇ ನಂಬರಿನ ಗೆಳೆಯನ ಫೈಲ್ ತೆಗೆದುಕೊಂಡಿದ್ದ. ಪ್ರತಿ ವಾಕ್ಯವನ್ನೂ ತನ್ನ ಮಾತಿಗೆ ತಿರುಗಿಸಿದ್ದ, ಸಂಖ್ಯೆಯನ್ನು ಹಾಗೇ ಬಿಟ್ಟಿದ್ದ. ಇದನ್ನು ಸಾಫ್ಟ್‌ವೇರ್ ಹಿಡಿಯಲು ಸಾಧ್ಯವಿರಲಿಲ್ಲ, ರಿಜಿಸ್ಟರ್ ನಂಬರ್ ಹಿಡಿಯಿತು. ಆ ಪ್ರಶ್ನೆಗೆ ಸೊನ್ನೆ ಕೊಟ್ಟೆ, ಉಳಿದದ್ದನ್ನು ಮುಟ್ಟಲಿಲ್ಲ. ಫೈಲ್ ಕೊಟ್ಟ ಗೆಳೆಯನ ಮಾರ್ಕ್ ಕಡಿಮೆ ಮಾಡಲಿಲ್ಲ. ತೋರಿಸಬಾರದು ಎಂದು ಬರೆದಿದ್ದೆ, ತೋರಿಸಿದರೆ ಏನಾಗುತ್ತದೆ ಎಂದು ಬರೆದಿರಲಿಲ್ಲ. ಬರೆಯದ ಶಿಕ್ಷೆಯನ್ನು ಆಮೇಲೆ ಹೇರುವುದು ತಪ್ಪು. ಈಗ ಆ ಸಾಲನ್ನೂ ಸೇರಿಸಿದ್ದೇನೆ.

ನಂಬರ್ ಸರಿಯಾಗಿ ಬದಲಾಯಿಸಿಕೊಂಡು ನಕಲು ಮಾಡಿದವರು ಇದ್ದರೆ? ಅದಕ್ಕೇ ಎಲ್ಲರನ್ನೂ ಎರಡು ದಿನದಲ್ಲಿ ಐದೈದು ನಿಮಿಷ ಮಾತಾಡಿಸಿದೆ. ಕೇಳಿದ್ದು ಒಂದೇ: ಬೆಲೆ 240ರಿಂದ 220ಕ್ಕೆ ಇಳಿದರೆ ನಿನ್ನ ಉತ್ತರ ಏನಾಗುತ್ತದೆ? ಕ್ಯಾಲ್ಕುಲೇಟರ್ ಬೇಡ, ಹೆಚ್ಚಾಗುತ್ತದೋ ಕಡಿಮೆಯೋ, ಯಾಕೆ ಎಂದು ಹೇಳಿದರೆ ಸಾಕು. ಕಾಂಟ್ರಿಬ್ಯೂಷನ್ 80ರಿಂದ 60ಕ್ಕೆ ಇಳಿಯುತ್ತದೆ, ಹಾಗಾಗಿ ಹೆಚ್ಚು ಕಿಲೋ ಮಾರಬೇಕು. ತಾನೇ ಬರೆದವರು ಕೂತ ತಕ್ಷಣ ಹೇಳಿದರು. ಮೂವರು ಬೆಲೆ ಕಡಿಮೆಯಾದರೆ ಉತ್ತರವೂ ಕಡಿಮೆ ಎಂದರು. ಅವರಿಗೆ ಮಾತಾಡಿದ್ದಕ್ಕೆ ಇದ್ದ 5 ಮಾರ್ಕ್ ಹೋಯಿತು, ಬರೆದದ್ದರ ಮಾರ್ಕ್ ಹಾಗೇ ಉಳಿಯಿತು. ಮೂರೂವರೆ ಗಂಟೆ ಹಿಡಿಯಿತು. 42 ಜನರಿಗೆ ಇದು ಆಗುತ್ತದೆ, 120 ಜನರ ಕ್ಲಾಸಿಗೆ ನಾನು ಮಾಡಲಾರೆ. ಅಲ್ಲಿ ಮನೆಗೆ ಕೊಡುವ ಬದಲು ಕ್ಲಾಸಿನಲ್ಲೇ ಪುಸ್ತಕ ತೆರೆದು ಒಂದೂವರೆ ಗಂಟೆ ಬರೆಸುತ್ತೇನೆ.

ಒಣಮೀನಿನ ಪ್ರಶ್ನೆ ಈಗಾಗಲೇ ಕಿರಿಯರ ಕೈಗೆ ಹೋಗಿದೆ, ಮತ್ತೆ ಬಳಸುವಂತಿಲ್ಲ. ಈ ಸಲದ್ದು ಗೇರುಬೀಜದ ಕಾರ್ಖಾನೆ. ನಮ್ಮ ಕಡೆಯ ಬೀಜ ಬರುವುದು ಬೇಸಿಗೆಯ ಕೆಲವೇ ತಿಂಗಳು, ಒಡೆಯುವ ಕೆಲಸ ವರ್ಷವಿಡೀ. ಮಾದರಿ ಉತ್ತರ ಬರೆಯುವ ಮೊದಲು ಕಾರ್ಕಳದ ಕಡೆ ಒಂದು ಕಾರ್ಖಾನೆಗೆ ಹೋಗಿ, ಬೀಜವನ್ನು ಎಷ್ಟು ತಿಂಗಳು ದಾಸ್ತಾನು ಇಡುತ್ತಾರೆ ಎಂದು ಕೇಳಿಕೊಂಡು ಬರಬೇಕು.