ನಲವತ್ತರಲ್ಲಿ ಮೂವತ್ತು ಕಳೆದ್ರೆ ಹತ್ತು ಉಳಿಯಲ್ಲ: ಗೊಂಬೆ ವ್ಯಾಪಾರದಲ್ಲಿ ನಾನು ರೇಟ್ ಹಾಕೋ ರೀತಿ

ನಾನು ಚನ್ನಪಟ್ಟಣದ ಮರದ ಆಟಿಕೆ ತಂದು ಬೆಂಗಳೂರಲ್ಲಿ ಮಾರ್ತೀನಿ. ಒಂದಷ್ಟು ಮಾಲು ಗಿಫ್ಟ್ ಅಂಗಡಿಗಳಲ್ಲಿ ಇಡ್ತೀನಿ, ಒಂದಷ್ಟು ದಸರಾ ಸೀಸನ್ನಲ್ಲಿ ಸ್ಟಾಲ್ ಹಾಕಿ ನಾನೇ ಮಾರ್ತೀನಿ. ಈ ಲೈನಿಗೆ ಹೊಸದಾಗಿ ಬರೋರು ಕೇಳೋ ಪ್ರಶ್ನೆ ಹೆಚ್ಚು ಕಮ್ಮಿ ಒಂದೇ, ಎಷ್ಟು ಪರ್ಸೆಂಟ್ ಹಾಕ್ಬೇಕು ಅಂತ. ಪರ್ಸೆಂಟ್ ಯಾವುದರ ಮೇಲೆ ಅಂತ ಮಾತ್ರ ಯಾರೂ ಕೇಳಲ್ಲ, ದುಡ್ಡು ಹೋಗೋದೆಲ್ಲ ಅಲ್ಲೇ.

ಅಸಲಿನ ಮೇಲೆ ಲೆಕ್ಕ ಹಾಕಿದ ಲಾಭ ಮಾರ್ಕಪ್, ಮಾರಿದ ಬೆಲೆ ಮೇಲೆ ಲೆಕ್ಕ ಹಾಕಿದ ಲಾಭ ಮಾರ್ಜಿನ್, ಅಷ್ಟೇ. ನೂರು ರೂಪಾಯಿಗೆ ತಂದು ನೂರೈವತ್ತಕ್ಕೆ ಮಾರಿದ್ರೆ ಲಾಭ ಐವತ್ತು ರೂಪಾಯಿ, ಅದನ್ನ ನೂರರಲ್ಲಿ ನೋಡಿದ್ರೆ 50 ಪರ್ಸೆಂಟ್ ಮಾರ್ಕಪ್, ನೂರೈವತ್ತರಲ್ಲಿ ನೋಡಿದ್ರೆ 33 ಪರ್ಸೆಂಟ್ ಮಾರ್ಜಿನ್. ಜೇಬಿಗೆ ಬರೋ ದುಡ್ಡು ಎರಡರಲ್ಲೂ ಅದೇ ಐವತ್ತು. ಹಾಗಾದ್ರೆ ಯಾವುದರಲ್ಲಿ ಹೇಳಿದ್ರೆ ಏನಂತೆ ಅನ್ನಿಸ್ಬಹುದು, ಬರೀ ತಂದು ಬರೀ ಮಾರೋದಾದ್ರೆ ನಿಜವಾಗ್ಲೂ ಏನೂ ಇಲ್ಲ. ತೊಂದರೆ ಶುರುವಾಗೋದು ಮಧ್ಯದಲ್ಲಿ ಇನ್ನೊಬ್ಬರು ಪರ್ಸೆಂಟ್ ಲೆಕ್ಕದಲ್ಲಿ ಪಾಲು ತಗೊಂಡಾಗ, ಯಾಕಂದ್ರೆ ಅವರು ಯಾವತ್ತೂ ಮಾರಿದ ಬೆಲೆ ಮೇಲೆ ತಗೋತಾರೆ, ನಿಮ್ಮ ಅಸಲು ಎಷ್ಟು ಅಂತ ಅವರಿಗೆ ಗೊತ್ತೂ ಇರಲ್ಲ, ಬೇಕಾಗೂ ಇಲ್ಲ.

ಒಂದು ಐಟಂ ಇಟ್ಕೊಂಡೇ ಹೇಳ್ತೀನಿ. ಮಕ್ಕಳು ಒಂದರ ಮೇಲೊಂದು ಬಳೆ ಜೋಡಿಸೋ ಸೆಟ್ ಇರುತ್ತಲ್ಲ, ಅದು ಕಾರ್ಖಾನೆಯಲ್ಲಿ 240 ರೂಪಾಯಿ ಅಂತಿಟ್ಕೊಳ್ಳಿ. ನೂರು ಸೆಟ್ ತಂದ್ರೆ 24,000. ಗಾಡಿ ಬಾಡಿಗೆ ಹಮಾಲಿ ಸೇರಿ 720. ಡಬ್ಬ ಒಂದಕ್ಕೆ 12 ರೂಪಾಯಿ, ನೂರಕ್ಕೆ 1,200. ಒಟ್ಟು 25,920 ಆಯ್ತು. ಇದನ್ನ ನೂರರಿಂದ ಭಾಗಿಸಿ 259 ರೂಪಾಯಿ ಅಸಲು ಅಂತ ಬರ್ಕೊಳ್ಳೋರೇ ಜಾಸ್ತಿ, ಆದ್ರೆ ನೂರರಲ್ಲಿ ನಾಲ್ಕು ಸೆಟ್ಟಿನ ಅರಗಿನ ಬಣ್ಣ ಎಲ್ಲೋ ಎದ್ದಿರುತ್ತೆ ಇಲ್ಲಾ ಕಡ್ಡಿ ಸಡಿಲ ಇರುತ್ತೆ, ಅದನ್ನ ಅಂಗಡಿಯವರು ಮುಟ್ಟಲ್ಲ. ಹಾಗಾಗಿ ನಾನು 96ರಿಂದ ಭಾಗಿಸ್ತೀನಿ, 270 ಬರುತ್ತೆ. ಇದು ನನ್ನ ಅಸಲು. 240 ಅಲ್ಲ, 259 ಅಲ್ಲ. ಇದು ತಪ್ಪಿದ್ರೆ ಮುಂದಿನ ಲೆಕ್ಕ ಎಷ್ಟು ಸರಿ ಇದ್ರೂ ಪ್ರಯೋಜನ ಇಲ್ಲ.

ಈಗ ಅಂಗಡಿ. ಮಾಲು ಅವರ ಶೆಲ್ಫಲ್ಲಿ ಇಡೋದು, ಮಾರಿದ್ಮೇಲೆ ದುಡ್ಡು, ಅವರ ಕಮಿಷನ್ 30 ಪರ್ಸೆಂಟ್. ನಮ್ಮ ಪರಿಚಯದ ಹುಡುಗಿ ಒಬ್ಬಳು ಇದೇ ತರ ಮಾಲು ಇಡೋಕೆ ಹೊರಟಿದ್ದಳು, ಲೆಕ್ಕ ತೋರಿಸೋಕೆ ಬಂದ್ಲು.

"ಅಣ್ಣ, ನಾನು ನಲವತ್ತು ಪರ್ಸೆಂಟ್ ಹಾಕಿದೀನಿ, ಅವರಿಗೆ ಮೂವತ್ತು ಹೋದ್ರೂ ನನಗೆ ಹತ್ತು ಉಳಿಯುತ್ತಲ್ಲ?"

"ಉಳಿಯಲ್ಲಮ್ಮ, ನೀನೇ ಕೈಯಿಂದ ಕೊಡ್ತೀಯ" ಅಂದೆ. ತಮಾಷೆ ಮಾಡ್ತಿದೀನಿ ಅಂದ್ಕೊಂಡ್ಲು. ಮೊಬೈಲಲ್ಲಿ ಅವಳ ಕೈಲೇ ಮಾಡಿಸಿದೆ. 270ಕ್ಕೆ ನಲವತ್ತು ಪರ್ಸೆಂಟ್ ಸೇರಿಸಿದ್ರೆ 378. ಅಂಗಡಿಯವರ ಮೂವತ್ತು ಪರ್ಸೆಂಟ್ 378ರ ಮೇಲೆ, ಅಂದ್ರೆ 113 ರೂಪಾಯಿ 40 ಪೈಸೆ. ಕೈಗೆ ಬರೋದು 264 ರೂಪಾಯಿ 60 ಪೈಸೆ. ಅಸಲು 270. ಪ್ರತಿ ಸೆಟ್ಟಿಗೂ ಐದೂ ಚಿಲ್ಲರೆ ರೂಪಾಯಿ ಲಾಸು, ಮಾರಾಟ ಜೋರಾಗಿ ಆದಷ್ಟೂ ಲಾಸು ಜಾಸ್ತಿ. ಅವಳ ನಲವತ್ತು 270ರದ್ದು, ಅವರ ಮೂವತ್ತು 378ರದ್ದು, ಎರಡೂ ಬೇರೆ ಬೇರೆ ಅಳತೆಯವು, ಒಂದರಿಂದ ಒಂದು ಕಳೆಯೋಕೇ ಆಗಲ್ಲ.

ನಾನು ಮಾಡೋದು ಹೀಗೆ. ಮೊದಲು ಮಾರೋ ಬೆಲೆನೇ ಪೂರ್ತಿ ನೂರು ಅಂದ್ಕೊಳ್ತೀನಿ. ಅದರಲ್ಲಿ ಅಂಗಡಿಗೆ ಮೂವತ್ತು, ನನಗೆ ಇಪ್ಪತ್ತು ಬೇಕು ಅಂದ್ರೆ ಉಳಿದ ಐವತ್ತರಲ್ಲಿ ಅಸಲು ಕೂರಬೇಕು. ಅಸಲು 270 ಅಂದ್ರೆ ಅದೇ ಆ ಐವತ್ತು ಭಾಗ, ಪೂರ್ತಿ ಬೆಲೆ 540. ತಾಳೆ ನೋಡಿ, 540ರ ಮೂವತ್ತು ಪರ್ಸೆಂಟ್ 162, ಇಪ್ಪತ್ತು ಪರ್ಸೆಂಟ್ 108, ಎರಡೂ ಕಳೆದ್ರೆ 270. ಸರಿಯಾಗಿ ಕೂತ್ಕೊಳ್ತು. ಸೇರಿಸೋದಲ್ಲ, ಭಾಗಿಸೋದು. ಎಕ್ಸೆಲ್ ಶೀಟಲ್ಲಿ A2 ಅಸಲು, B2 ಅಂಗಡಿ ಕಮಿಷನ್, C2 ನನ್ನ ಮಾರ್ಜಿನ್, ಇವೆರಡನ್ನೂ ಬರೀ 30, 20 ಅಂತಲ್ಲ, 30%, 20% ಅಂತ ಹಾಕ್ಬೇಕು, D2ನಲ್ಲಿ ಇಷ್ಟೇ:

```
=A2/(1-B2-C2)
```

C2ಗೆ ಸೊನ್ನೆ ಹಾಕಿದ್ರೆ ಇನ್ನೂ ಉಪಯೋಗದ ನಂಬರ್ ಸಿಗುತ್ತೆ, ಅದು ಲಾಭನೂ ಇಲ್ಲ ಲಾಸೂ ಇಲ್ಲ ಅನ್ನೋ ಬೆಲೆ. ನಮ್ಮ ಸೆಟ್ಟಿಗೆ 270 ಭಾಗಿಸು 0.7, ಹತ್ರ ಹತ್ರ 386. ಅದಕ್ಕಿಂತ ಕೆಳಗೆ ಆ ಅಂಗಡಿಯಲ್ಲಿ ಇಡೋದೇ ಬೇಡ. ಆ ಹುಡುಗಿ 378 ಹಾಕಿದ್ದಳು ನೋಡಿ, ಗೆರೆ ಕೆಳಗೇ ಇದ್ದಳು.

ಇಷ್ಟು ಹೇಳಿದ್ ತಕ್ಷಣ ಬರೋ ಮಾತು, 540 ಅಂದ್ರೆ ಡಬಲ್ ಆಯ್ತಲ್ಲ, ಯಾರು ತಗೋತಾರೆ ಅಂತ. ನ್ಯಾಯವಾದ ಮಾತೇ. ಫಾರ್ಮುಲಾ ಹೇಳೋದು ನಿಮಗೆಷ್ಟು ಬೇಕು ಅಂತ, ಗಿರಾಕಿ ಎಷ್ಟು ಕೊಡ್ತಾರೆ ಅಂತಲ್ಲ. ಪಕ್ಕದ ಶೆಲ್ಫಲ್ಲಿ ಅದೇ ತರದ ಸೆಟ್ 499 ಇದ್ರೆ ನಾನೂ 499 ಹಾಕಿ ಹಿಂದಕ್ಕೆ ಲೆಕ್ಕ ಮಾಡ್ತೀನಿ, ಅಂಗಡಿ ಪಾಲು ಹೋಗಿ 349.30, ಅಸಲು ಕಳೆದ್ರೆ 79.30, ಅಂದ್ರೆ 16 ಪರ್ಸೆಂಟ್ ಮಾರ್ಜಿನ್. ಪರವಾಗಿಲ್ಲ. 450ಕ್ಕೆ ಇಳಿದ್ರೆ ಉಳಿಯೋದು 45 ರೂಪಾಯಿ, ಹತ್ತು ಪರ್ಸೆಂಟ್, ಅಲ್ಲಿಗೆ ಶೆಲ್ಫಿಂದ ವಾಪಸ್ ಬರೋ ಒಂದೆರಡು ಮಾಸಿದ ಪೀಸ್ ಸಾಕು ಆ ಲಾಭ ತಿನ್ನೋಕೆ. ಬೆಲೆ ಹೀಗೆ 540ರಿಂದ 450ಕ್ಕೆ, ಅಂದ್ರೆ ಆರರಲ್ಲಿ ಒಂದು ಪಾಲು ಕಮ್ಮಿಯಾದಾಗ ನನ್ನ ಲಾಭ 108ರಿಂದ 45ಕ್ಕೆ ಬಿತ್ತು, ಅರ್ಧಕ್ಕಿಂತ ಜಾಸ್ತಿ ಹೋಯ್ತು.

ಡಿಸ್ಕೌಂಟಲ್ಲೂ ಇದೇ ಕಥೆ, ದಸರಾ ಸ್ಟಾಲಲ್ಲಿ ಇದನ್ನ ಕಣ್ಣಾರೆ ನೋಡಬಹುದು. ಅಲ್ಲಿ ಅಂಗಡಿ ಕಮಿಷನ್ ಇಲ್ಲ, ಅದಕ್ಕೆ 270ರ ಮೇಲೆ 50 ಪರ್ಸೆಂಟ್ ಹಾಕಿ 405 ಬೋರ್ಡ್ ಹಾಕಿದೀರಿ ಅನ್ನಿ (ಸ್ಟಾಲ್ ಬಾಡಿಗೆ ಸದ್ಯಕ್ಕೆ ಪಕ್ಕಕ್ಕಿಡೋಣ). ಲಾಭ 135. ಪಕ್ಕದವರು 20 ಪರ್ಸೆಂಟ್ ಆಫ್ ಅಂತ ಬೋರ್ಡ್ ಹಾಕಿದ್ರು, ನೀವೂ ಹಾಕಿದ್ರಿ, ಐವತ್ತರಲ್ಲಿ ಇಪ್ಪತ್ತು ಹೋದ್ರೆ ಮೂವತ್ತು ಇದೆಯಲ್ಲ ಅನ್ನೋ ಧೈರ್ಯದಲ್ಲಿ. 405ರ ಇಪ್ಪತ್ತು ಪರ್ಸೆಂಟ್ 81, ಮಾರಿದ್ದು 324ಕ್ಕೆ, ಉಳಿದಿದ್ದು 54. ಮೂವತ್ತು ಪರ್ಸೆಂಟ್ ಮಾರ್ಕಪ್ ಅಲ್ಲ, ಇಪ್ಪತ್ತು. ಮೊದಲು ಎರಡು ಸೆಟ್ಟಿಗೆ ಬರ್ತಿದ್ದ ಲಾಭಕ್ಕೆ ಈಗ ಐದು ಸೆಟ್ ಮಾರ್ಬೇಕು. ಆಫ್ ಬೋರ್ಡ್ ಹಾಕಿದ್ದಕ್ಕೆ ಜನ ಎರಡೂವರೆ ಪಟ್ಟು ಬರ್ತಾರಾ ಅನ್ನೋದನ್ನ ಬೋರ್ಡ್ ಬರೆಸೋಕೆ ಮುಂಚೆ ಯೋಚನೆ ಮಾಡಿ. ನಾನಂತೂ ಪೂರ್ತಿ ಸ್ಟಾಲಿಗೆ ಆಫ್ ಹಾಕಲ್ಲ, ಸೀಸನ್ ಮುಗಿಯೋ ಹೊತ್ತಿಗೆ ಉಳಿದ ಬಣ್ಣಕ್ಕೆ ಮಾತ್ರ.

ಇನ್ನೊಂದು ಜಾಗ ಮಾತುಕತೆ. ಕೆಲವು ಅಂಗಡಿಯವರು ಕಮಿಷನ್ ಲೆಕ್ಕ ಬೇಡ, ದುಡ್ಡು ಕೊಟ್ಟು ನೇರ ತಗೋತೀವಿ, ನಮಗೆ ನಲವತ್ತು ಮಾರ್ಜಿನ್ ಕೊಡಿ ಅಂತಾರೆ. ಎಂಆರ್‌ಪಿ 500 ಅಂತಿಟ್ಕೊಳ್ಳಿ. ಅವರ ನಲವತ್ತು ಎಂಆರ್‌ಪಿ ಮೇಲೆ ಆದ್ರೆ ನನಗೆ ಬರೋದು 300. ಅವರು ಕೊಡೋ ರೇಟಿನ ಮೇಲೆ ನಲವತ್ತು ಅಂತಾದ್ರೆ 500 ಭಾಗಿಸು 1.4, ಅಂದ್ರೆ 357. ಒಂದೇ ಮಾತು, ಪೀಸಿಗೆ 57 ರೂಪಾಯಿ ವ್ಯತ್ಯಾಸ. ಇದು ಬರೀ ಚಿಕ್ಕ ಅಂಗಡಿಯವರ ಗೊಂದಲ ಅಂದ್ಕೋಬೇಡಿ, 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲೂ ಬೆಲೆ ಮಿತಿ ಇರೋ ಔಷಧಿಗೆ ಚಿಲ್ಲರೆ ಅಂಗಡಿಯವರ ಮಾರ್ಜಿನ್ 16 ಪರ್ಸೆಂಟ್ ಅಂತಿದೆ, ಆದ್ರೆ ಅದು ಅಂಗಡಿಯವರಿಗೆ ಬೀಳೋ ಬೆಲೆ ಮೇಲೆ, ಅಂದ್ರೆ ನಮ್ಮ ಭಾಷೆಯಲ್ಲಿ ಅದು ಮಾರ್ಕಪ್. ಮಾರೋ ಬೆಲೆಯಲ್ಲಿ ನೋಡಿದ್ರೆ ಹದಿನಾಲ್ಕಕ್ಕೂ ಚೂರು ಕಮ್ಮಿ. ಸರ್ಕಾರಿ ಕಾಗದದಲ್ಲೇ ಹೀಗಿರುವಾಗ ಗಲ್ಲಾ ಮುಂದೆ ನಿಂತ್ಕೊಂಡು ಶಬ್ದಕ್ಕೆ ಜಗಳ ಮಾಡಿ ಪ್ರಯೋಜನ ಇಲ್ಲ. ನಾನು ಪರ್ಸೆಂಟ್ ಮಾತೇ ಬಿಟ್ಟು, "ಸಾರ್, ಐನೂರು ಎಂಆರ್‌ಪಿ ಇರೋ ಪೀಸಿಗೆ ನನ್ನ ಕೈಗೆ ಎಷ್ಟು ರೂಪಾಯಿ ಕೊಡ್ತೀರಾ?" ಅಂತ ಕೇಳ್ತೀನಿ, ಅವರು ಹೇಳಿದ ನಂಬರನ್ನ ವಾಟ್ಸಾಪಲ್ಲಿ ಅವರಿಗೇ ಬರೆದು ಕಳಿಸ್ತೀನಿ. ಅಂದಹಾಗೆ ಯಾರಾದ್ರೂ ನನಗೆ 150 ಪರ್ಸೆಂಟ್ ಮಾರ್ಜಿನ್ ಇದೆ ಅಂದ್ರೆ ಅವರು ಹೇಳ್ತಿರೋದು ಮಾರ್ಕಪ್. ಮಾರ್ಜಿನ್ ನೂರು ಮುಟ್ಬೇಕು ಅಂದ್ರೆ ಮಾಲು ಪುಕ್ಕಟೆ ಬಂದಿರಬೇಕು.

ಜಿಎಸ್‌ಟಿ ಇದ್ರೆ ಇನ್ನೊಂದು ಸುತ್ತು ಇದೆ. ಗಿರಾಕಿ ಕೊಡೋ 540ರಲ್ಲಿ ಟ್ಯಾಕ್ಸ್ ಸೇರಿದ್ರೆ ಅಷ್ಟು ದುಡ್ಡು ನಿಮ್ಮದಲ್ಲ. 5 ಪರ್ಸೆಂಟ್ ಅಂದ್ಕೊಂಡ್ರೂ ಅದು 540ರ ಐದು ಪರ್ಸೆಂಟ್ 27 ಅಲ್ಲ, 540ನ್ನ 105ರಿಂದ ಭಾಗಿಸಿ ಐದರಿಂದ ಗುಣಿಸಿದ್ರೆ ಬರೋ 25.71. ನಿಜವಾದ ಮಾರಾಟ 514.29. ಅಂಗಡಿಯವರು ಟ್ಯಾಕ್ಸ್ ಸೇರಿದ 540ರ ಮೇಲೇ ಕಮಿಷನ್ ಹಿಡಿದ್ರೆ 162 ಹೋಗಿ, ಅಸಲೂ ಹೋಗಿ ಉಳಿಯೋದು 82, ಅಂದ್ರೆ ಇಪ್ಪತ್ತು ಅಂದ್ಕೊಂಡಿದ್ದ ಮಾರ್ಜಿನ್ ಹದಿನಾರಕ್ಕೆ ಬಂತು. ಕಮಿಷನ್ ಟ್ಯಾಕ್ಸ್ ಬಿಟ್ಟ ಬೆಲೆ ಮೇಲೆ ಅಂತ ಮೊದಲೇ ಒಪ್ಪಿಸಿದ್ರೆ 540ನ್ನ ಟ್ಯಾಕ್ಸ್ ಬಿಟ್ಟ ಬೆಲೆ ಮಾಡ್ಕೊಂಡು ಎಂಆರ್‌ಪಿ 567 ಹಾಕಬಹುದು, ಇಪ್ಪತ್ತು ಹಾಗೇ ಉಳಿಯುತ್ತೆ. ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿ ನಿಮಗೆ ವಾಪಸ್ ಸಿಗೋದಾದ್ರೆ ಅಸಲಿಗೆ ಸೇರಿಸ್ಬೇಡಿ, ರಿಜಿಸ್ಟರ್ ಇಲ್ಲದೋರು ಸೇರಿಸ್ಲೇಬೇಕು.

ಕೊನೆಗೆ ಬುಗುರಿ ವಿಷ್ಯ, ಇದರಲ್ಲಿ ಪರ್ಸೆಂಟ್ ಸರಿ ಇದ್ರೂ ವ್ಯಾಪಾರ ಗಿಟ್ಟಲ್ಲ. ಅಸಲು 18, ಅದೇ ಫಾರ್ಮುಲಾ ಹಾಕಿದ್ರೆ 36, ಅಂಗಡಿಗೆ 10.80, ನನಗೆ 7.20. ಇಪ್ಪತ್ತು ಪರ್ಸೆಂಟ್ ಪಕ್ಕಾ ಇದೆ. ಆದ್ರೆ ಏಳು ರೂಪಾಯಿಗೆ ಸ್ಟಿಕ್ಕರ್ ಅಂಟಿಸಿ, ಬಿಲ್ ಬರೆದು, ತಿಂಗಳ ಕೊನೆಯಲ್ಲಿ ಎಷ್ಟು ಮಾರಿದ್ವಿ ಅಂತ ಎಣಿಸೋಕೆ ಹೋದ ಬಸ್ ಚಾರ್ಜೂ ಹುಟ್ಟಲ್ಲ. ಅದಕ್ಕೆ ಬುಗುರಿ ಬಿಡಿಯಾಗಿ ಅಂಗಡಿಗೆ ಕೊಡೋದೇ ಇಲ್ಲ ನಾನು. ಐದು ಬುಗುರಿ 90, ಚಿಕ್ಕ ಡಬ್ಬ 10, ಅಸಲು ನೂರು, ಬೆಲೆ 200, ನನಗೆ 40. ಬಿಡಿ ಬುಗುರಿ ಬೇಕು ಅನ್ನೋ ಮಕ್ಕಳಿಗೆ ಸ್ಟಾಲಲ್ಲಿ ಮಾತ್ರ, ಅಲ್ಲಿ ಡಬ್ಬನೂ ಇಲ್ಲ ಕಮಿಷನ್ನೂ ಇಲ್ಲ, ಮೂವತ್ತಕ್ಕೆ ಕೊಟ್ರೂ ಹನ್ನೆರಡು ರೂಪಾಯಿ ಉಳಿಯುತ್ತೆ.