ಹಲ್ಲು ಕಿತ್ತ ಮೇಲಿನ ಚೀಟಿ: ಹಳ್ಳಿಯವರಿಗೆ ಅರ್ಥವಾಗುವಂತೆ ಕನ್ನಡ ಮಾಡುವುದು ಹೇಗೆ?

ದವಡೆ ಹಲ್ಲು ಕೀಳಿಸಿಕೊಂಡು ಹೋಗಿದ್ದ ರೈತರೊಬ್ಬರು ಮೂರನೇ ದಿನ ಕೆನ್ನೆ ಹಿಡಿದುಕೊಂಡು ವಾಪಸ್ ಬಂದರು. ನೋವು ಕಿವಿಗೆ ಎಳೆಯುತ್ತಿತ್ತು, ಬಾಯಿ ನಾತ ಹೊಡೆಯುತ್ತಿತ್ತು. ಕೈಯಲ್ಲಿದ್ದ ಚೀಟಿಯಲ್ಲಿ ‘24 ಗಂಟೆಗಳ ಕಾಲ ಬಾಯಿ ಮುಕ್ಕಳಿಸುವುದನ್ನು ವರ್ಜಿಸಿ’ ಎಂದಿತ್ತು. ಓದಿ ಹೇಳಿದ್ದು ಎಂಟನೇ ಕ್ಲಾಸಿನ ಮಗಳು. ‘ವರ್ಜಿಸಿ’ ಅವಳಿಗೆ ಗೊತ್ತಿಲ್ಲ. ‘24 ಗಂಟೆ’, ‘ಮುಕ್ಕಳಿಸು’ ಎರಡೂ ಗೊತ್ತು. ಅಪ್ಪ ಅವತ್ತು ರಾತ್ರಿಯೆಲ್ಲ ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿದ್ದಾರೆ. ಆ ಚೀಟಿಯನ್ನು ಕನ್ನಡ ಮಾಡಿದ್ದವನು ನಾನೇ.

ಅಂದಿನಿಂದ ನಾನು ಸಾಲಿಗೆ ಸಾಲು ಅನುವಾದ ಮಾಡುವುದನ್ನು ಬಿಟ್ಟೆ. ಈಗ ಮಾಡುವ ಕ್ರಮ ಹೀಗಿದೆ.

ಮೊದಲು ಇಂಗ್ಲಿಷ್ ಚೀಟಿಯನ್ನು ಪಕ್ಕಕ್ಕಿಟ್ಟು, ಅದರ ಹಿಂದಿರುವ ಕಾರಣವನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಉಗುಳಬೇಡಿ, ಬೀಡಿ ಸೇದಬೇಡಿ, ಸ್ಟ್ರಾದಲ್ಲಿ ಹೀರಬೇಡಿ, ನಾಲಿಗೆಯಿಂದ ಮುಟ್ಟಬೇಡಿ ಎಂದು ಹತ್ತು ಸಾಲು ಇದ್ದರೂ ಮುಖ್ಯವಾದ ಕಾರಣ ಒಂದೇ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ, ಒಳಗಿನ ಮೂಳೆಗೆ ಮುಚ್ಚಳದ ಹಾಗೆ ಕೂರುತ್ತದೆ. ಅದು ಕಿತ್ತುಹೋದರೆ ಮೂಳೆ ಬರಿದಾಗಿ, ಎರಡರಿಂದ ನಾಲ್ಕನೇ ದಿನದೊಳಗೆ ಆ ರೈತರಿಗೆ ಬಂದಂಥ ನೋವು ಬರುತ್ತದೆ. ಇದನ್ನು ಹೇಳಲು ಹೊಸ ಪದ ಹುಡುಕಬೇಕಿಲ್ಲ. ‘ಹೆಪ್ಪು’ ನಮ್ಮ ಅಡುಗೆಮನೆಯ ಮಾತೇ. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಬಾರದು ಎಂದು ಯಾವ ಅಜ್ಜಿಗೂ ಕಲಿಸಬೇಕಿಲ್ಲ. ಚೀಟಿಯ ಮೊದಲ ಸಾಲನ್ನೇ ಹೀಗೆ ಬರೆಯುತ್ತೇನೆ: ‘ಹಲ್ಲು ಕಿತ್ತ ಜಾಗದಲ್ಲಿ ರಕ್ತ ಹೆಪ್ಪಾಗಿ ಕೂರಬೇಕು. ಮೊಸರಿನ ಪಾತ್ರೆ ಅಲುಗಾಡಿಸದ ಹಾಗೆ ಅದನ್ನೂ ಅಲುಗಾಡಿಸಬೇಡಿ.’

ಎರಡನೆಯದು, ರೋಗಿಯ ನಂಬಿಕೆ ಎಲ್ಲಿ ಅಡ್ಡ ಬರುತ್ತದೆ ಎಂದು ನೋಡುವುದು. ಉಗುಳಬೇಡಿ ಎಂದರೆ ಜನ ಕೇಳುವುದಿಲ್ಲ. ಕೆಟ್ಟ ರಕ್ತ ಹೊರಗೆ ಹೋಗಲಿ ಎಂಬ ಲೆಕ್ಕ ಅವರದು. ಎಂಜಲಿನ ಜೊತೆ ರಕ್ತ ನುಂಗುವುದೆಂದರೆ ಅಸಹ್ಯ ಬೇರೆ. ಹಾಗಾಗಿ ಆ ಸಾಲಿಗೆ ಮಾತ್ರ ಕಾರಣವನ್ನೂ ಸೇರಿಸುತ್ತೇನೆ: ‘ಇದು ಕೆಟ್ಟ ರಕ್ತವಲ್ಲ, ಗಾಯ ಮುಚ್ಚುವ ರಕ್ತ. ಉಗುಳಿದಷ್ಟೂ ಹೆಪ್ಪು ಕಿತ್ತು ಮತ್ತೆ ರಕ್ತ ಬರುತ್ತದೆ. ಎಂಜಲು ನುಂಗಿ.’ ಎಲೆ ಅಡಿಕೆ, ಕಡ್ಡಿಪುಡಿ, ಗುಟ್ಕಾಗಳ ಹೆಸರನ್ನು ಬಿಡಿಸಿ ಬರೆಯಬೇಕು. ‘ತಂಬಾಕು ಉತ್ಪನ್ನಗಳು’ ಎಂದರೆ ಅಡಿಕೆ ಹಾಕುವ ಅಮ್ಮನಿಗೆ ಅದು ತನಗಲ್ಲ ಅನ್ನಿಸುತ್ತದೆ.

ಊಟದ ಸಾಲು ಇನ್ನೂ ಸೂಕ್ಷ್ಮ. ಬಿಸಿ ಬೇಡ, ತಣ್ಣಗಿನದು ತಿನ್ನಿ ಎಂದು ಬರೆದರೆ ಅದು ಉಷ್ಣ-ಶೀತದ ವಿಚಾರವಾಗಿಬಿಡುತ್ತದೆ. ಪಪ್ಪಾಯಿ ಉಷ್ಣ ಎಂದು ಬಿಡುತ್ತಾರೆ, ಮಜ್ಜಿಗೆ ಶೀತ ಎಂದು ಅದನ್ನೂ ಬಿಡುತ್ತಾರೆ, ಕೊನೆಗೆ ಬಿಸಿ ಕಾಫಿ ಕುಡಿಯುತ್ತಾರೆ. ‘ಆರಿದ’ ಎಂಬ ಮಾತು ಈ ಗೊಂದಲ ತಪ್ಪಿಸುತ್ತದೆ. ಆರಿದ ಗಂಜಿ, ಆರಿದ ಮೆತ್ತನೆ ಅನ್ನ. ಮುದ್ದೆ ಸೀಮೆಯಾದರೆ ಆರಿದ ಮುದ್ದೆ, ಖಾರವಿಲ್ಲದ ಸಾರು. ಉತ್ತರ ಕರ್ನಾಟಕಕ್ಕಾದರೆ ಖಡಕ್ ರೊಟ್ಟಿ ಬೇಡವೆಂದೂ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು ಆರಿಸಿ ಉಣ್ಣಿರೆಂದೂ ಬರೆಯಬೇಕು. ಒಂದೇ ಚೀಟಿ ಇಡೀ ರಾಜ್ಯಕ್ಕೆ ಹೊಂದುವುದಿಲ್ಲ.

ಮೂರನೆಯದು ಸಮಯ. ಗಂಟೆಗಳ ಲೆಕ್ಕವನ್ನು ರೋಗಿಗೆ ಬಿಡಬೇಡಿ, ಗಡಿಯಾರ ನೋಡಿ ನೀವೇ ಬರೆಯಿರಿ. ಮಂಗಳವಾರ ಬೆಳಿಗ್ಗೆ 11ಕ್ಕೆ ಬಲಗಡೆ ಕೆಳದವಡೆಯ ಹಲ್ಲು ಕಿತ್ತರು ಎನ್ನಿ. ಚೀಟಿ ಹೀಗಿರಲಿ:

‘11ಮುಕ್ಕಾಲರ ತನಕ ಹತ್ತಿ ಗಟ್ಟಿಯಾಗಿ ಕಚ್ಚಿಕೊಂಡಿರಿ. ನಡುವೆ ತೆಗೆದು ನೋಡಬೇಡಿ. ಜೋಮು ಪೂರ್ತಿ ಇಳಿಯುವ ತನಕ ಏನೂ ಅಗಿಯಬೇಡಿ, ತುಟಿ ಕೆನ್ನೆ ಕಚ್ಚಿಕೊಳ್ಳುತ್ತೀರಿ. ಬುಧವಾರ ಬೆಳಿಗ್ಗೆ 11ರ ತನಕ ಬಾಯಿ ಮುಕ್ಕಳಿಸಲೇಬೇಡಿ, ಉಗುಳಬೇಡಿ. ಬುಧವಾರ 11 ಆದ ಮೇಲೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಂಡು ತಲೆ ಬಲಕ್ಕೆ ವಾಲಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಗೇ ಹೊರಗೆ ಬೀಳಿಸಿ. ಪ್ರತಿ ಸಲ ತಿಂದ ಮೇಲೆ ಹೀಗೆ ಮಾಡಿ.’

ಎರಡನೇ ದಿನದ ಸಾಲಿನಲ್ಲಿ ‘ಮುಕ್ಕಳಿಸಿ’ ಎಂಬ ಪದ ಇಲ್ಲ, ಗಮನಿಸಿ. ಬೇಕೆಂದೇ ಬಿಟ್ಟಿದ್ದೇನೆ. ನಮ್ಮಲ್ಲಿ ಮುಕ್ಕಳಿಸುವುದೆಂದರೆ ಕೆನ್ನೆ ಉಬ್ಬಿಸಿ, ಸದ್ದು ಮಾಡಿ, ರಪ್ಪನೆ ಉಗಿಯುವುದು. ಅಷ್ಟು ಜೋರಿಗೆ ಎರಡನೇ ದಿನವೂ ಹೆಪ್ಪು ಕಿತ್ತುಬರಬಹುದು.

ಮಾತ್ರೆಗೂ ಇದೇ ದಾರಿ. ‘ನೋವಿದ್ದರೆ ಮಾತ್ರ’ ಎಂದು ಬರೆದರೆ ‘ಮಾತ್ರೆ’ ಎಂದು ಓದಿಕೊಳ್ಳುವವರಿದ್ದಾರೆ. ‘ನೋವಿಲ್ಲದಿದ್ದರೆ ಈ ಮಾತ್ರೆ ಬೇಡ’ ಎಂದರೆ ಅನುಮಾನಕ್ಕೆ ಎಡೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳುವ ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಇದನ್ನು ಹಿಂದಿನ ಭೇಟಿಯ ಚೀಟಿಯಲ್ಲೇ ಬರೆಯಿರಿ.

ಅಪಾಯದ ಸೂಚನೆಗಳಿಗೆ ಅಳತೆ ಬೇಕು. ‘ಅತಿಯಾದ ರಕ್ತಸ್ರಾವ’ ಎಂದರೆ ಎಷ್ಟು? ‘ಮೊದಲ ದಿನ ಎಂಜಲು ಕೆಂಪಾಗಿದ್ದರೆ ಹೆದರಬೇಡಿ. ಬಾಯಿ ತುಂಬಿ ಬರುತ್ತಿದ್ದರೆ ಹೊಸ ಹತ್ತಿ ಇಟ್ಟು ಅರ್ಧ ಗಂಟೆ ಕಚ್ಚಿ. ಆಗಲೂ ನಿಲ್ಲದಿದ್ದರೆ ಫೋನ್ ಮಾಡಿ.’ ಬಾವು ಎರಡು-ಮೂರು ದಿನ ಏರುವುದುಂಟು. ಆಮೇಲೂ ಏರುತ್ತಿದ್ದರೆ ಅಥವಾ ಜ್ವರ ಬಂದರೆ ವಾಪಸ್ ಬರಬೇಕು. ನುಂಗಲು, ಉಸಿರಾಡಲು ಕಷ್ಟವಾದರೆ ಯಾರನ್ನೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕಿವಿಗೆ ಎಳೆಯುವ ನೋವಿಗೆ ಪುಸ್ತಕದ ಹೆಸರಿನ ನೇರ ಅನುವಾದ ‘ಒಣ ಗುಳಿ’. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನೋವು ಹೇಗಿರುತ್ತದೆಂದು ಹೇಳಿದರೆ ಸಾಕು.

ಚಿಕಿತ್ಸೆಯ ಯೋಜನೆಯದು ಬೇರೆ ತಲೆನೋವು. ಅದರಲ್ಲಿ ಹಲ್ಲುಗಳಿಗೆ ನಂಬರ್ ಇರುತ್ತದೆ. 46 ಎಂದರೆ ನಾಲ್ಕನೇ ಭಾಗದ ಆರನೇ ಹಲ್ಲು, ಅಂದರೆ ಬಲಗಡೆ ಕೆಳದವಡೆಯದು. ‘ಇರೋದೇ 32, ನಲವತ್ತಾರನೇ ಹಲ್ಲು ಎಲ್ಲಿಂದ ಬಂತು ಸ್ವಾಮಿ?’ ಎಂದು ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಂಬರ್ ಡಾಕ್ಟರಿಗಿರಲಿ, ರೋಗಿಗೆ ‘ನಿಮ್ಮ ಬಲಗಡೆ, ಕೆಳಗೆ’ ಎನ್ನಿ. ‘ನಿಮ್ಮ’ ಮುಖ್ಯ, ಎದುರು ನಿಂತವರಿಗೆ ಎಡ-ಬಲ ಅದಲುಬದಲಾಗುತ್ತದೆ.

ರೂಟ್ ಕೆನಾಲನ್ನು ‘ಬೇರು ನಾಳ ಚಿಕಿತ್ಸೆ’ ಮಾಡಲು ಹೋಗಬೇಡಿ. ಊರಲ್ಲಿ ಅದಕ್ಕೆ ಹಲ್ಲಿನ ನರ ತೆಗೆಯೋದು ಎನ್ನುತ್ತಾರೆ, ಜೊತೆಗೆ ರೂಟ್ ಕೆನಾಲ್ ಎಂಬ ಹೆಸರೂ ಇರಲಿ. ಕ್ಯಾಪ್, ಕ್ಲೀನಿಂಗ್, ಹಲ್ಲು ಸೆಟ್ ಇವೆಲ್ಲ ಹಾಗೇ ನಡೆಯುತ್ತವೆ. ಪದಕ್ಕಿಂತ ಮುಖ್ಯವಾದ ತೊಂದರೆ ಇನ್ನೊಂದಿದೆ. ಮೊದಲ ಭೇಟಿಯಲ್ಲೇ ಎಷ್ಟೋ ಸಲ ನೋವು ನಿಂತುಬಿಡುತ್ತದೆ. ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಂಡು ಮತ್ತೆ ಯಾಕೆ ಬರಬೇಕು? ಅದಕ್ಕೇ ಯೋಜನೆಯನ್ನು ಭೇಟಿಗಳಾಗಿ ಒಡೆದು ಬರೆಯುತ್ತೇನೆ: ‘ಮೊದಲ ಸಲ ನರ ತೆಗೆದು ಮೇಲೆ ಕಚ್ಚಾ ಸಿಮೆಂಟ್ ಹಾಕುತ್ತೇವೆ. ನೋವು ನಿಂತರೂ ಕೆಲಸ ಮುಗಿದಿಲ್ಲ. ಎರಡನೇ ಸಲ ಒಳಗೆ ತುಂಬುತ್ತೇವೆ. ಮೂರನೇ ಸಲ ಕ್ಯಾಪಿಗೆ ಅಳತೆ. ಕ್ಯಾಪ್ ಹಾಕಿಸದೆ ಬಿಟ್ಟರೆ ಹಲ್ಲು ಸೀಳಬಹುದು.’ ಭೇಟಿಗಳ ಸಂಖ್ಯೆ ಹಲ್ಲಿನಿಂದ ಹಲ್ಲಿಗೆ ಬದಲಾಗುತ್ತದೆ, ಡಾಕ್ಟರನ್ನು ಕೇಳಿಯೇ ಬರೆಯಿರಿ. ಪ್ರತಿ ಸಲದ ಖರ್ಚನ್ನೂ ಅದರ ಎದುರಿಗೇ ನಮೂದಿಸಿ.

ಬರೆದದ್ದನ್ನು ಇಂಗ್ಲಿಷ್ ಚೀಟಿ ನೋಡದ ಇನ್ನೊಬ್ಬರಿಂದ ಡಾಕ್ಟರಿಗೆ ಬಾಯಲ್ಲಿ ಹೇಳಿಸಿ. ಔಷಧದ ಲೆಕ್ಕ, ದಿನದ ಲೆಕ್ಕ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ರೋಗಿಯ ಪರೀಕ್ಷೆ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಬಾಯಲ್ಲಿ ಹತ್ತಿ ಇರುವವರನ್ನು ಮಾತಾಡಿಸಲೂಬಾರದು. ನಾನು ಜೊತೆಗೆ ಬಂದವರನ್ನು ಕೇಳುತ್ತೇನೆ: ‘ಮನೆಗೆ ಹೋದ ಮೇಲೆ ಇವರಿಗೆ ಏನೇನು ಮಾಡಿಸ್ತೀರಮ್ಮಾ, ಹೇಳಿ.’

ಹೋದ ವಾರ ಒಬ್ಬ ಸೊಸೆ ಎಲ್ಲವನ್ನೂ ಸರಿಯಾಗಿ ಒಪ್ಪಿಸಿ, ಕೊನೆಗೆ ‘ಐಸ್ ಬಾಯೊಳಗೆ ಇಡಿಸ್ತೀನಿ’ ಎಂದಳು. ಚೀಟಿಯಲ್ಲಿದ್ದದ್ದು ‘ಕೆನ್ನೆಗೆ ಐಸ್ ಇಡಿ’ ಎಂದು. ಈಗ ಅದು ‘ಐಸನ್ನು ಬಟ್ಟೆಯಲ್ಲಿ ಸುತ್ತಿ, ಕೆನ್ನೆಯ ಹೊರಗಡೆ ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡಿ, ಮೊದಲ ದಿನ ಮಾತ್ರ’ ಎಂದಾಗಿದೆ.